ಗಾಜಿನ ತೊಟ್ಟಿಯೊಳಗಿನ ಆಕಾಶ

ಮಲೆನಾಡಿನ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ಕಳೆದ ಜನವರಿಯಲ್ಲಿ ಫೋನು ಮಾಡಿ, ಒಂಬತ್ತನೆಯ ತರಗತಿಯವರೊಂದಿಗೆ ಒಂದು ಪೀರಿಯಡ್ ಮಾತಾಡಿ ಎಂದು ಕರೆದರು. ಸಿಗುವುದು ನಲವತ್ತು ನಿಮಿಷ. ಅಷ್ಟರಲ್ಲಿ ಹತ್ತು ವಿಷಯ ಹೇಳಿ ಒಂದನ್ನೂ ಮುಟ್ಟಿಸದೆ ಬರುವುದಕ್ಕಿಂತ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುವುದು ಒಳ್ಳೆಯದೆನಿಸಿತು. ಆಕಾಶ ಏಕೆ ನೀಲಿ?

ಮಕ್ಕಳನ್ನೇ ಮೊದಲು ಕೇಳಿದೆ. ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆಯುತ್ತ ಹೋದೆ. ಸಮುದ್ರದ ನೀಲಿ ಮೇಲೆ ಪ್ರತಿಫಲಿಸುತ್ತದೆ ಎಂದವರೇ ಹೆಚ್ಚು. ಗಾಳಿಯಲ್ಲಿರುವ ಧೂಳು ನೀಲಿಯಾಗಿ ಕಾಣುತ್ತದೆ ಎಂದು ಇಬ್ಬರು. ಗಾಳಿಗೇ ತುಸು ನೀಲಿ ಬಣ್ಣವಿದೆ, ಒಂದು ಲೋಟ ನೀರಿನಲ್ಲಿ ಕಾಣದ ಬಣ್ಣ ಬಾವಿಯಲ್ಲಿ ಕಂಡ ಹಾಗೆ, ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ಮೂರನ್ನೂ ಅಳಿಸದೆ ಹಾಗೇ ಬಿಟ್ಟೆ. ಮೂರೂ ದಡ್ಡ ಉತ್ತರಗಳಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ಈ ದಾರಿಗಳಲ್ಲಿ ನಡೆದು ನೋಡಿದವರೇ.

ನೀಲಿಯನ್ನು ಆಮೇಲೆ ನೋಡೋಣ, ಆಕಾಶ ಬೆಳಗಾಗಿ ಕಾಣುವುದೇ ಹೇಗೆ ಎಂದು ಕೇಳಿದೆ. ಬೆಳಿಗ್ಗೆ ಹತ್ತು ಗಂಟೆಗೆ ಸೂರ್ಯ ಪೂರ್ವದ ಕಡೆ ಇದ್ದಾನೆ. ನೀವು ಅವನಿಗೆ ಬೆನ್ನು ಹಾಕಿ ಪಡುವಣ ಆಕಾಶ ನೋಡುತ್ತಿದ್ದೀರಿ. ಆ ದಿಕ್ಕಿನಲ್ಲಿ ದೀಪ ಹಚ್ಚಿಟ್ಟವರು ಯಾರೂ ಇಲ್ಲ. ಆದರೂ ಅಲ್ಲಿಂದ ನಿಮ್ಮ ಕಣ್ಣಿಗೆ ಬೆಳಕು ಬರುತ್ತಿದೆ. ಎಲ್ಲಿಂದ ಬಂತು?

ಹೆಂಚಿನ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದರ ಉತ್ತರ ಹತ್ತಿರವೇ ಇದೆ. ಬೆಳಕಿಂಡಿಯ ಗಾಜಿನ ಹೆಂಚಿನಿಂದ ಅಡುಗೆಮನೆಗೆ ಇಳಿಯುವ ಬಿಸಿಲಕೋಲು ನೆನಪಿರಲಿ. ಆ ಕೋಲು ನೆಲದತ್ತ ಹೋಗುತ್ತಿದೆ, ನಮ್ಮ ಕಣ್ಣಿನತ್ತ ಬರುತ್ತಿಲ್ಲ. ಗಾಳಿ ಪೂರ್ತಿ ಖಾಲಿಯಾಗಿದ್ದರೆ ಅದು ನಮಗೆ ಕಾಣಬಾರದು. ಒಲೆಯ ಹೊಗೆ, ಧೂಳಿನ ಕಣಗಳು ಅದರಲ್ಲಿ ತೇಲುತ್ತಿರುವುದರಿಂದ, ಅವು ಬೆಳಕಿನ ಒಂದು ಪಾಲನ್ನು ಅಡ್ಡಡ್ಡ ಎಸೆಯುತ್ತವೆ. ಹಾಗೆ ಎಸೆದದ್ದೇ ನಮ್ಮ ಕಣ್ಣಿಗೆ ಬಿದ್ದು ಕೋಲಾಗಿ ಕಾಣುತ್ತದೆ. ಇದಕ್ಕೇ ಪಠ್ಯಪುಸ್ತಕ ಬೆಳಕಿನ ಚದುರುವಿಕೆ ಎನ್ನುತ್ತದೆ. ಹಗಲಿನ ಆಕಾಶವೆಂದರೆ ಇಂಥದೇ ಒಂದು ಮಹಾ ಬಿಸಿಲಕೋಲು, ನಾವು ಅದರ ಒಳಗೇ ನಿಂತಿದ್ದೇವೆ. ಗಾಳಿಯಿಲ್ಲದ ಚಂದ್ರನ ಮೇಲೆ ಬಿಸಿಲು ಸುಡುತ್ತಿರುವಾಗಲೂ ಆಕಾಶ ಕಪ್ಪು. ಅಲ್ಲಿಗೆ ಹೋದವರು ತೆಗೆದ ಚಿತ್ರಗಳಲ್ಲೆಲ್ಲ ಹಾಗೇ ಇದೆ.

ಆದರೆ ಅಡುಗೆಮನೆಯ ಬಿಸಿಲಕೋಲು ಬೆಳ್ಳಗಿದೆ, ಆಕಾಶ ನೀಲಿ. ಈ ಒಂದು ವ್ಯತ್ಯಾಸದಲ್ಲೇ ಇಡೀ ಉತ್ತರ ಅಡಗಿದೆ. ಅದನ್ನು ತೋರಿಸಲು ನಾನು ಒಂದೂವರೆ ಅಡಿ ಉದ್ದದ ಮೀನಿನ ಗಾಜಿನ ತೊಟ್ಟಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ.

ಪ್ರಯೋಗ ಸುಲಭ, ಆದರೆ ಕೆಡಿಸುವುದು ಇನ್ನೂ ಸುಲಭ. ಹಿಂದಿನ ವಾರ ಮನೆಯಲ್ಲಿ ಮಾಡಿ ನೋಡಿದಾಗ ನನಗೆ ಎರಡು ಸಲ ಕೆಟ್ಟಿತ್ತು. ಮೊದಲ ಸಲ ಹಳೆಯ ಬಲ್ಬಿನ ಟಾರ್ಚು ಹಿಡಿದಿದ್ದೆ. ಕಾದ ತಂತಿಯ ಬೆಳಕಿನಲ್ಲಿ ನೀಲಿಯೇ ಕಡಿಮೆ, ಇಲ್ಲದ ಬಣ್ಣವನ್ನು ಹಾಲು ಎಲ್ಲಿಂದ ಚದುರಿಸೀತು? ಎರಡನೆಯ ಸಲ ಹಾಲು ಜಾಸ್ತಿಯಾಯಿತು. ನೀರು ಬೆಳ್ಳಗೆ ಸುಣ್ಣದ ತಿಳಿಯಂತಾಗಿ ಏನೂ ಕಾಣಲಿಲ್ಲ. ಮೂರನೆಯ ಸಲ ಮೊಬೈಲಿನ ಬಿಳಿ ಎಲ್‌ಇಡಿ ದೀಪದ ಮುಂದೆ, ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ತೂತು ಕೊರೆದ ಕಪ್ಪು ರಟ್ಟು ಕಟ್ಟಿದೆ. ಕೆನೆ ತೆಗೆದ ಹಾಲನ್ನು ಹನಿ ಹನಿಯಾಗಿ ಬಿಟ್ಟೆ. ಆಗ ಬಂತು.

ತರಗತಿಯಲ್ಲಿ ಕಿಟಕಿಗಳಿಗೆ ಜಮಖಾನ ಹೊದಿಸಿ ಕತ್ತಲು ಮಾಡಿದೆವು. ತೊಟ್ಟಿಗೆ ಸುಮಾರು ಹದಿನೈದು ಲೀಟರು ನೀರು. ಉದ್ದದ ಒಂದು ತುದಿಯಿಂದ ಬೆಳಕು ಬಿಟ್ಟರೆ ನೀರಿನೊಳಗೆ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ, ಆಚೆ ತುದಿಯ ಬಿಳಿ ಹಾಳೆಯ ಮೇಲೆ ಮಾತ್ರ ಬಿಳಿಯ ಚುಕ್ಕೆ ಬಿತ್ತು. ಹಾಲು ಬಿಡುವ ಕೆಲಸವನ್ನು ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟೆ. ಕೆಲವು ಹನಿ ಬಿಟ್ಟು, ಕಲಕಿ, ನಿಂತು ನೋಡುವುದು. ಮತ್ತೆ ಕೆಲವು ಹನಿ. ಒಟ್ಟು ಸೇರಿ ಒಂದು ಟೀ ಚಮಚ ದಾಟಲಿಲ್ಲ. ನಾಲ್ಕನೆಯ ಸುತ್ತಿಗೆ ನೀರಿನೊಳಗೆ ಬೆಳಕಿನ ಕೋಲು ಎದ್ದು ಕಂಡಿತು. ದೀಪದ ಹತ್ತಿರ ಅದು ಮಂಜಿನಂಥ ತಿಳಿನೀಲಿ. ಉದ್ದಕ್ಕೆ ಹೋದಂತೆ ಆ ನೀಲಿ ಸವೆದು, ಆಚೆ ತುದಿಯ ಹತ್ತಿರ ತುಸು ಹಳದಿ. ಹಾಳೆಯ ಮೇಲಿನ ಚುಕ್ಕೆ ಈಗ ಬಿಳಿಯಾಗಿರಲಿಲ್ಲ, ಕಿತ್ತಳೆಗೆ ತಿರುಗಿತ್ತು.

"ಸಾರ್, ಹಾಲಲ್ಲಿ ನೀಲಿ ಎಲ್ಲಿತ್ತು?" ಎಂದಳು ಹಾಲು ಬಿಟ್ಟ ಹುಡುಗಿ. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಬರೆದುಕೊಂಡು ಹೋಗಿರಲಿಲ್ಲ. ನೀಲಿ ಹಾಲಿನದಲ್ಲ, ನೀರಿನದೂ ಅಲ್ಲ. ದೀಪದ ಬಿಳಿ ಬೆಳಕಿನಲ್ಲಿಯೇ ಇತ್ತು. ಹಾಲಿನ ಕಣಗಳು ಅದನ್ನು ಆರಿಸಿ ಪಕ್ಕಕ್ಕೆ ಎಸೆದವು. ಪಕ್ಕದಲ್ಲಿ ಕೂತವರಿಗೆ ಎಸೆದ ಪಾಲು ಸಿಕ್ಕಿತು, ಹಾಳೆಗೆ ಎಸೆಯದೆ ಉಳಿದ ಪಾಲು. ಗಾಳಿಗೆ ತನ್ನದೇ ನೀಲಿ ಬಣ್ಣವಿದೆ ಎಂದಿದ್ದ ಹುಡುಗ ತಾನೇ ಎದ್ದು ಬಂದು ಹಲಗೆಯ ಮೇಲಿನ ತನ್ನ ಉತ್ತರ ಅಳಿಸಿದ. ಬಣ್ಣದ ನೀರಾಗಿದ್ದರೆ ಆಚೆ ತುದಿಯಲ್ಲೂ ನೀಲಿಯೇ ಬರಬೇಕಿತ್ತಲ್ಲ ಎಂಬುದು ಅವನ ಕಾರಣ. ಆ ಕಾರಣವನ್ನು ನಾನು ಹೇಳಿಕೊಟ್ಟಿರಲಿಲ್ಲ.

ಇನ್ನು, ನೀಲಿಯನ್ನೇ ಏಕೆ ಆರಿಸಬೇಕು? ಬೆಳಕು ಅಲೆಯಾಗಿ ಸಾಗುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ತರಂಗದೂರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಆ ಲೆಕ್ಕದಲ್ಲಿ ಕೆಂಪು ಬೆಳಕಿನ ಒಂದು ಅಲೆ ಸುಮಾರು 700, ನೀಲಿಯದು ಸುಮಾರು 450. ಅಲೆ ಚಿಕ್ಕದಾದಷ್ಟೂ ಅದು ಸೆಕೆಂಡಿಗೆ ಹೆಚ್ಚು ಸಲ ಅಲುಗುತ್ತದೆ. ಬೆಳಕು ತಾಗಿದ ಅಣುವಿನೊಳಗಿನ ಎಲೆಕ್ಟ್ರಾನುಗಳು ಅದೇ ತಾಳಕ್ಕೆ ಅಲುಗುತ್ತವೆ, ಹಾಗೆ ಅಲುಗುವಾಗ ತಾವೂ ಎಲ್ಲ ದಿಕ್ಕಿಗೂ ಬೆಳಕು ಬೀರುತ್ತವೆ.

ಕೈಯನ್ನು ಎದೆಯ ಮುಂದೆ ಒಂದು ಗೇಣು ಅಗಲಕ್ಕೆ ಎಡಕ್ಕೂ ಬಲಕ್ಕೂ ಆಡಿಸಿ ಎಂದೆ. ಈಗ ಅದೇ ಒಂದು ಗೇಣನ್ನು ಎರಡು ಪಟ್ಟು ಬೇಗ ಆಡಿಸಿ. ತಿರುವಿನಲ್ಲಿ ಕೈಯನ್ನು ಹಿಂದಕ್ಕೆ ಎಳೆಯಲು ಬೇಕಾದ ಜೋರು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಲೆಕ್ಟ್ರಾನು ಬೀರುವ ಬೆಳಕಿನ ಅಲೆ ಎಷ್ಟು ಎತ್ತರವಿರುತ್ತದೆ ಎನ್ನುವುದು ಈ ಎಳೆತದ ಮೇಲೆ ನಿಂತಿದೆ. ಬೆಳಕಿನ ಪ್ರಖರತೆಯಾದರೋ ಅಲೆಯ ಎತ್ತರದ ವರ್ಗಕ್ಕೆ ತಕ್ಕಂತೆ. ನಾಲ್ಕರ ವರ್ಗ ಹದಿನಾರು. ಹೀಗೆ ತರಂಗದೂರ ಅರ್ಧವಾದರೆ ಚದುರುವ ಬೆಳಕು ಹದಿನಾರು ಪಟ್ಟಾಗುತ್ತದೆ. ನೀಲಿ ಮತ್ತು ಕೆಂಪಿನ ಲೆಕ್ಕವನ್ನು ಮಕ್ಕಳೇ ಹಲಗೆಯ ಮೇಲೆ ಮಾಡಿದರು. 700ನ್ನು 450ರಿಂದ ಭಾಗಿಸಿದರೆ 1.56. ಅದರ ವರ್ಗ 2.4, ಅದನ್ನು ಮತ್ತೊಮ್ಮೆ ವರ್ಗ ಮಾಡಿದರೆ 6ಕ್ಕೆ ತುಸು ಕಡಿಮೆ. ಕೆಂಪು ಒಂದು ಪಾಲು ಚದುರುವಲ್ಲಿ ನೀಲಿ ಹೆಚ್ಚುಕಡಿಮೆ ಆರು ಪಾಲು.

ಈ ನಾಲ್ಕನೆಯ ಘಾತದ ನಿಯಮವನ್ನು 1871ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಜಾನ್ ವಿಲಿಯಂ ಸ್ಟ್ರಟ್, ಮುಂದೆ ಲಾರ್ಡ್ ರೇಲೇ ಎಂದು ಹೆಸರಾದವರು. ಅದಕ್ಕೆ ಎರಡು ವರ್ಷ ಹಿಂದೆ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಒಂದು ಉದ್ದನೆಯ ಗಾಜಿನ ಕೊಳವೆಯಲ್ಲಿ ಆವಿ ತುಂಬಿ, ಪ್ರಖರ ಬೆಳಕು ಹಾಯಿಸಿ, ಅದರೊಳಗೆ ಆಗತಾನೇ ಹುಟ್ಟುತ್ತಿದ್ದ ಅತಿ ಸಣ್ಣ ಕಣಗಳ ಮೋಡ ನೀಲಿಯಾಗಿ ಕಾಣುವುದನ್ನು ತೋರಿಸಿದ್ದರು. ಆದರೆ ಆಕಾಶದಲ್ಲಿ ಆ ಕಣಗಳು ಯಾವುವು? ಧೂಳೇ, ನೀರೇ, ಉಪ್ಪೇ? ನಮ್ಮ ತರಗತಿಯ ಇಬ್ಬರು ಹೇಳಿದ ಧೂಳಿನ ಉತ್ತರ ಆಗ ನಿಜಕ್ಕೂ ಚರ್ಚೆಯಲ್ಲಿತ್ತು. 1873ರಲ್ಲಿ ಮ್ಯಾಕ್ಸ್‌ವೆಲ್ ಪತ್ರ ಬರೆದು, ಗಾಳಿಯ ಅಣುಗಳೇ ಚದುರಿಸಿದರೆ ಬೆಳಕು ಎಷ್ಟು ಕಳೆದುಹೋಗಬೇಕು ಎಂದು ರೇಲೇಯನ್ನು ಕೇಳಿದರು. ರೇಲೇ ಅದಕ್ಕೆ ಪೂರ್ತಿ ಉತ್ತರ ಪ್ರಕಟಿಸಿದ್ದು 1899ರಲ್ಲಿ. ಅವರು ಎತ್ತಿಕೊಂಡ ಸಾಕ್ಷ್ಯಗಳಲ್ಲೊಂದು ನಮ್ಮ ಕಡೆಯದು. ಡಾರ್ಜಿಲಿಂಗಿನ ಆಸುಪಾಸಿನಿಂದ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರು ದೂರದ ಎವರೆಸ್ಟ್ ಶಿಖರ ಸಾಕಷ್ಟು ಬೆಳಗಾಗಿ ಕಾಣುತ್ತದೆ ಎಂಬುದು. ಅಷ್ಟು ಗಾಳಿ ದಾಟಿಯೂ ಶಿಖರದ ಬೆಳಕು ಉಳಿದು ಬರುತ್ತದೆಂದರೆ, ಚದುರುವಿಕೆಯಲ್ಲಿ ಕಳೆದುಹೋಗುವುದಕ್ಕೆ ಒಂದು ಮಿತಿ ಸಿಕ್ಕಂತಾಯಿತು. ಲೆಕ್ಕ ಹಾಕಿದಾಗ ಧೂಳೂ ಇಲ್ಲದ, ಮಂಜೂ ಇಲ್ಲದ ಬರೀ ಗಾಳಿಯ ಅಣುಗಳು ಚದುರಿಸುವ ಬೆಳಕೇ ನಾವು ಕಾಣುವ ನೀಲಿಗೆ ಬಹುಪಾಲು ಸಾಕಾಗುತ್ತಿತ್ತು. ಒಂದು ಅಣು ನೀಲಿ ಬೆಳಕಿನ ಅಲೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಣ್ಣದು. ಒಂದೊಂದೂ ಚದುರಿಸುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಸಕ್ಕರೆ ಡಬ್ಬಿಯಷ್ಟು ಗಾಳಿಯಲ್ಲೇ ಎಣಿಸಿ ಮುಗಿಯದಷ್ಟು ಅಣುಗಳಿವೆ, ನಮ್ಮ ತಲೆಯ ಮೇಲೆ ಹತ್ತಾರು ಕಿಲೋಮೀಟರು ಗಾಳಿಯಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಕ್ಕಳು ನಿಲ್ಲಿಸಲಿಲ್ಲ. "ಅಲೆ ಚಿಕ್ಕದಾದಷ್ಟೂ ಜಾಸ್ತಿ ಅಂದ್ರೆ, ನೇರಳೆ ನೀಲಿಗಿಂತ ಚಿಕ್ಕದಲ್ವಾ ಸಾರ್? ಆಕಾಶ ನೇರಳೆ ಆಗ್ಬೇಕಿತ್ತು." ನೇರಳೆಯ ತರಂಗದೂರ ಸುಮಾರು 400, ಅದು ಕೆಂಪಿನ ಒಂಬತ್ತು ಪಟ್ಟಿಗೂ ಮೀರಿ ಚದುರುತ್ತದೆ. ಅನೇಕ ಪುಸ್ತಕಗಳು ಈ ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತವೆ, ಅದು ಸರಿಯಲ್ಲ. ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ನೀಲಿಗಿಂತ ಕಡಿಮೆ ಎನ್ನುವುದು ಉತ್ತರದ ಒಂದು ತುಂಡು. ದೊಡ್ಡ ತುಂಡು ನಮ್ಮ ಕಣ್ಣಿನಲ್ಲಿದೆ. ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ನೇರಳೆಯ ತುದಿಗೆ ಅವುಗಳ ಸ್ಪಂದನ ಮಂದ. ಆಕಾಶದಿಂದ ಬರುವುದು ಒಂದೇ ಬಣ್ಣವೂ ಅಲ್ಲ. ಅದರಲ್ಲಿ ನೇರಳೆ, ನೀಲಿ, ಹಸಿರು, ಸ್ವಲ್ಪ ಕೆಂಪು ಕೂಡ ಇವೆ, ಅಲೆ ಚಿಕ್ಕದಾದವು ಹೆಚ್ಚು. ಈ ಬೆರಕೆ ಮೂರು ಬಗೆಯ ಕೋಶಗಳನ್ನೂ ತಟ್ಟುವ ರೀತಿಯು ಬಿಳಿಯ ಜೊತೆ ನೀಲಿ ಕಲಸಿದಾಗ ತಟ್ಟುವ ರೀತಿಯಂತೆಯೇ ಇದೆ. ಹಾಗಾಗಿ ನಾವು ಕಾಣುವುದು ತಿಳಿನೀಲಿ.

ಇನ್ನೊಬ್ಬಳು ಬೆಳದಿಂಗಳನ್ನು ಕೇಳಿದಳು. ಹುಣ್ಣಿಮೆಯ ರಾತ್ರಿ ಚಂದ್ರನ ಬೆಳಕೂ ಚದುರುತ್ತದೆ, ಆಗಲೂ ಆಕಾಶ ನೀಲಿಯೇ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೇ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಅರ್ಧ ನಿಮಿಷ ತೆರೆದಿಟ್ಟು ಚಿತ್ರ ತೆಗೆದರೆ, ನಕ್ಷತ್ರಗಳ ಹಿಂದೆ ನೀಲಿ ಆಕಾಶ ಮೂಡುತ್ತದೆ.

ಬಿಳಿ ಮೋಡದ ಪ್ರಶ್ನೆ ಬಂದಾಗ ಮೇಷ್ಟ್ರು ತಾವೇ ಮುಂದೆ ಬಂದರು. ಹತ್ತನೆಯ ತರಗತಿಯ ಪುಸ್ತಕದಲ್ಲಿದ್ದ ಹೈಪೋ ಪ್ರಯೋಗಕ್ಕೆ ಎಲ್ಲ ಜೋಡಿಸಿಟ್ಟಿದ್ದರು. ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್. ಅದನ್ನು ನೀರಿನಲ್ಲಿ ಕರಗಿಸಿ, ಕೆಲವೇ ಹನಿ ಗಂಧಕಾಮ್ಲ ಹಾಕಿದರೆ, ಎರಡು ಮೂರು ನಿಮಿಷದಲ್ಲಿ ಗಂಧಕದ ಅತಿ ಸಣ್ಣ ಕಣಗಳು ಹುಟ್ಟತೊಡಗುತ್ತವೆ. ಘಾಟು ಅನಿಲ ಬರುವುದರಿಂದ ಇದನ್ನು ತೆರೆದ ಜಾಗದಲ್ಲಿ, ಮೇಷ್ಟ್ರೇ ಮಾಡಬೇಕು, ಮನೆಯಲ್ಲಿ ಬೇಡ. ಹಾಲಿನಲ್ಲಿ ಕಾಣದ್ದೊಂದು ಇದರಲ್ಲಿ ಕಾಣುತ್ತದೆ, ಕಣ ಬೆಳೆಯುವುದು. ಮೊದಲು ಪಕ್ಕದಿಂದ ಚೆಂದದ ನೀಲಿ. ಕಣಗಳು ದಪ್ಪಗಾಗುತ್ತ ಅಲೆಯ ಅಳತೆಯನ್ನು ಮುಟ್ಟಿದಂತೆ ನೀಲಿ ಬಿಳಿಚುತ್ತದೆ, ಕೊನೆಗೆ ಬರೀ ಬಿಳುಪು. ರೇಲೇ ನಿಯಮ ನಡೆಯುವುದು ಅಲೆಗಿಂತ ತೀರ ಸಣ್ಣ ಕಣಗಳಿಗೆ, ಅಲೆಯ ಹತ್ತನೆಯ ಒಂದು ಪಾಲಿನ ಆಚೀಚೆ ಅದರ ಗಡಿ. ಮೋಡದ ನೀರಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು, ಅಡುಗೆಮನೆಯ ಧೂಳೂ ಹಾಗೆಯೇ. ಅವು ಎಲ್ಲ ಬಣ್ಣವನ್ನೂ ಸರಿಸುಮಾರು ಒಂದೇ ಸಮ ಎಸೆಯುತ್ತವೆ. ಕೆನೆಹಾಲಿನ ಕೊಬ್ಬಿನ ಗೋಲಿಗಳೂ ದಪ್ಪ, ಅದಕ್ಕೇ ನಾನು ಕೆನೆ ತೆಗೆದ ಹಾಲು ಒಯ್ದದ್ದು. ಧೂಳು ಹೆಚ್ಚಾದ ಬೇಸಿಗೆಯಲ್ಲಿ ಆಕಾಶ ಬಿಳಿಚಿಕೊಂಡು, ಮಳೆ ಬಂದು ತೊಳೆದ ಮರುದಿನ ಕಡುನೀಲಿಯಾಗುವುದೂ ಇದರಿಂದಲೇ. ಧೂಳು ನೀಲಿಯನ್ನು ಕೊಡುವುದಿಲ್ಲ, ಕೆಡಿಸುತ್ತದೆ. ಎರಡನೆಯ ಉತ್ತರವೂ ಹಲಗೆಯಿಂದ ಹೋಯಿತು.

ಉಳಿದದ್ದು ಸಮುದ್ರ. ಇದರಲ್ಲಿ ರೇಲೇಯೇ ಎಡವಿದ್ದರು. ಆಳವಾದ ಕಡಲಿನ ನೀಲಿ ಆಕಾಶದ ಪ್ರತಿಫಲನ ಮಾತ್ರ ಎಂಬುದು ಅವರ ಅಭಿಪ್ರಾಯ, ಮಕ್ಕಳ ಉತ್ತರದ ತಿರುವು. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್, ಬೆಳಕಿನ ಪ್ರತಿಫಲನವನ್ನು ಅಡಗಿಸಬಲ್ಲ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ಸಮುದ್ರ ನೋಡಿದರು. ಆಕಾಶದ ಪ್ರತಿಬಿಂಬ ಮರೆಯಾಯಿತು, ನೀಲಿ ಉಳಿಯಿತು. ಹಾಗಾದರೆ ನೀರಿನ ಅಣುಗಳೂ ಬೆಳಕು ಚದುರಿಸುತ್ತವೆ ಎಂದು ಹಿಡಿದ ಎಳೆಯೇ 1928ರ ರಾಮನ್ ಪರಿಣಾಮಕ್ಕೆ ಒಯ್ದಿತು. ನೀರು ಕೆಂಪನ್ನು ತುಸು ಹೀರಿಕೊಳ್ಳುವುದೂ ಕಡಲ ನೀಲಿಗೆ ಒಂದು ಕಾರಣವೆಂದು ಈಗ ತಿಳಿದಿದೆ. ಇದೇ ರಾಮನ್ ಎಂಬತ್ತು ವರ್ಷದವರಾಗಿ ಬೆಂಗಳೂರಿನ ತಮ್ಮ ಸಂಶೋಧನಾಲಯದಲ್ಲಿದ್ದ ಕಾಲದಲ್ಲಿ, 1968ರ ಡಿಸೆಂಬರಿನಲ್ಲಿ ಅಹಮದಾಬಾದಿಗೆ ಹೋಗಿ ಒಂದು ಭಾಷಣ ಮಾಡಿದರು. ಅದರ ವಿಷಯ, ಆಕಾಶ ಏಕೆ ನೀಲಿ.

ಗಂಟೆ ಬಾರಿಸಲು ಎಂಟು ನಿಮಿಷವಿತ್ತು. ಹಾಳೆಯ ಮೇಲಿನ ಕಿತ್ತಳೆ ಚುಕ್ಕೆಗೆ ಮರಳಿದೆ, ಏಕೆಂದರೆ ನನಗೆ ಹೇಳಬೇಕಿದ್ದದ್ದು ಅದೇ. ಸೂರ್ಯ ನೆತ್ತಿಯ ಮೇಲಿದ್ದಾಗ ಅವನ ಬೆಳಕು ಗಾಳಿಯನ್ನು ಅತಿ ಚಿಕ್ಕ ದಾರಿಯಲ್ಲಿ ದಾಟುತ್ತದೆ. ಶುದ್ಧ ಗಾಳಿಯಲ್ಲಿ ಆಗ 100 ಪಾಲು ನೀಲಿಯಲ್ಲಿ ಸುಮಾರು 20 ಚದುರಿಹೋಗುತ್ತದೆ, 80 ನೇರ ಬರುತ್ತದೆ. ಕೆಂಪಿನಲ್ಲಿ ಚದುರುವುದು ನಾಲ್ಕೂ ತುಂಬದು. ಆ ಚದುರಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ಕೆಳಗಿಳಿದು ನಮ್ಮ ಆಕಾಶವಾಗುತ್ತದೆ, ಇನ್ನರ್ಧ ಮೇಲಕ್ಕೆ ಹೋಗಿ ಬಾಹ್ಯಾಕಾಶದಿಂದ ನೋಡುವವರಿಗೆ ಭೂಮಿಯ ಅಂಚಿನ ನೀಲಿಯಾಗುತ್ತದೆ.

ಸಂಜೆ ಸೂರ್ಯ ದಿಗಂತ ಮುಟ್ಟಿದಾಗ ಅದೇ ಬೆಳಕು ನೆಲಕ್ಕೆ ಅಡ್ಡಲಾಗಿ, ನೆತ್ತಿಯ ದಾರಿಯ 38 ಪಟ್ಟು ಗಾಳಿ ದಾಟಿ ಬರಬೇಕು. ಪ್ರತಿ ಪಟ್ಟಿನಲ್ಲೂ ಉಳಿದದ್ದರಲ್ಲಿ ಐದನೆಯ ಒಂದು ಪಾಲು ನೀಲಿ ಹೋಗುತ್ತದೆ. 100 ಎಂಬತ್ತಾಗಿ, ಎಂಬತ್ತು ಅರವತ್ತನಾಲ್ಕಾಗಿ, ಅದು ಐವತ್ತೊಂದಾಗಿ. ಹೀಗೆ 38 ಸಲ. ಹಲಗೆಯ ಮೇಲೆ ಹತ್ತನೆಯ ಸಲಕ್ಕೇ ನೀಲಿ ಹನ್ನೊಂದಕ್ಕೆ ಇಳಿದಾಗ ಮಕ್ಕಳು ಬಾಯಲ್ಲೇ ಎಣಿಸತೊಡಗಿದರು. ಕೊನೆಗೆ ಉಳಿಯುವುದು ಕೆಲವು ಸಾವಿರದಲ್ಲೊಂದು ಪಾಲು. ಕೆಂಪಾದರೆ ನಾಲ್ಕರಲ್ಲೊಂದು ಪಾಲು ಉಳಿದು ಬರುತ್ತದೆ. ಸಂಜೆಯ ಸೂರ್ಯನನ್ನು ಯಾರೂ ಕೆಂಪಗೆ ಬಳಿದಿಲ್ಲ, ಅವನಿಂದ ನೀಲಿಯನ್ನು ದಾರಿಯುದ್ದಕ್ಕೂ ಗಾಳಿ ತೆಗೆದುಕೊಂಡಿದೆ.

ಸೂರ್ಯ ಮುಳುಗಿದ ಮೇಲೆ ನೆತ್ತಿಯಲ್ಲಿ ಉಳಿಯುವ ಕಡುನೀಲಿಗೆ ಮಾತ್ರ ಬೇರೆ ಕಾರಣವಿದೆ. ಮೇಲಿನ ಓಝೋನ್ ಪದರ ಕಿತ್ತಳೆ ಕೆಂಪನ್ನು ಹೀರುವುದರಿಂದ ಆ ನೀಲಿ ಉಳಿಯುತ್ತದೆ ಎಂದು ಅಮೆರಿಕದ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿದರು. ಇದನ್ನು ಮಕ್ಕಳಿಗೆ ಹೇಳಲು ಸಮಯ ಸಾಲಲಿಲ್ಲ, ಇಲ್ಲಿ ಬರೆದಿದ್ದೇನೆ.

ಹೊರಡುವ ಮುನ್ನ ಜಮಖಾನ ಸರಿಸಿ, ಕಿಟಕಿಯಾಚೆಯ ಘಟ್ಟದ ಸಾಲು ತೋರಿಸಿದೆ. ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ತುಸು ಮಬ್ಬು, ಕೊನೆಯದು ನೀಲಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ, ನೀಲಿಯೂ ಹೌದು. ಬೆಟ್ಟಕ್ಕೂ ನಮಗೂ ನಡುವಿನ ಗಾಳಿ ಚದುರಿಸಿದ ಬೆಳಕು ಬೆಟ್ಟದ ಮುಂದೆ ಪರದೆಯಂತೆ ನಿಂತಿದೆ. ಆಕಾಶ ಮೇಲೆ ಎಲ್ಲೋ ಶುರುವಾಗುವುದಿಲ್ಲ, ಶಾಲೆಯ ಗೇಟಿನಿಂದಲೇ ಶುರು.

"ಹಂಗಾದ್ರೆ ಸಂಜೆ ಹೊತ್ತು ಕಳೆದುಹೋದ ನೀಲಿ ಎಲ್ಲಿಗೆ ಹೋಗುತ್ತೆ ಸಾರ್?" ಗಂಟೆ ಬಾರಿಸಿದ ಮೇಲೆ ಬಂದ ಪ್ರಶ್ನೆ ಇದು. ಮಂಗಳೂರಿನ ಕಡಲತೀರದಲ್ಲಿ ನಿಂತು ನೋಡುವ ಕೆಂಪು ಸೂರ್ಯನ ಬೆಳಕು, ನಮ್ಮನ್ನು ತಲುಪುವ ಮೊದಲು ಪಶ್ಚಿಮಕ್ಕೆ ಮುನ್ನೂರು ನಾನೂರು ಕಿಲೋಮೀಟರು ಅರಬ್ಬಿ ಸಮುದ್ರದ ಮೇಲಿನ ಗಾಳಿಯನ್ನು ಹಾದು ಬಂದಿರುತ್ತದೆ. ಅದರಿಂದ ಉದುರಿದ ನೀಲಿಯ ಒಂದು ಪಾಲು, ಸೂರ್ಯ ಇನ್ನೂ ಮುಳುಗದ ಲಕ್ಷದ್ವೀಪದ ಕಡೆಯ ಕಡಲಿನಲ್ಲಿ ಬಲೆ ಎಳೆಯುತ್ತಿರುವವರ ಆಕಾಶಕ್ಕೆ ಸೇರಿರುತ್ತದೆ.